ಟಿಸಿಪಿಯ ಮೊದಲ ನಂಬರ್ ಸೊನ್ನೆ ಯಾಕಲ್ಲ?

ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನಾನೊಂದು ಇಂಟರ್‌ವ್ಯೂಗೆ ಹೋಗಿದ್ದೆ. ಟಿಸಿಪಿ ಕನೆಕ್ಷನ್ ಹೇಗೆ ಶುರುವಾಗುತ್ತೆ ಅಂತ ಕೇಳಿದರು. ಸಿನ್, ಸಿನ್-ಆಕ್, ಆಕ್ ಅಂತ ಬೋರ್ಡ್ ಮೇಲೆ ಮೂರು ಬಾಣ ಎಳೆದು ತೋರಿಸಿದೆ. ಅವರು ತಲೆ ಆಡಿಸಿ, "ಸರಿ, ಸೀಕ್ವೆನ್ಸ್ ನಂಬರ್ ಸೊನ್ನೆಯಿಂದ ಯಾಕೆ ಶುರು ಮಾಡಲ್ಲ?" ಅಂದರು. "ಸೆಕ್ಯುರಿಟಿ, ಸರ್" ಅಂದೆ. "1981ರಲ್ಲಿ ಟಿಸಿಪಿ ಬರೆದವರಿಗೆ ಆ ಚಿಂತೆಯೇ ಇರಲಿಲ್ಲವಲ್ಲ. ಆದರೂ ಅವರು ಸೊನ್ನೆಯಿಂದ ಶುರು ಮಾಡಬೇಡಿ ಅಂತಲೇ ಬರೆದಿದ್ದಾರೆ. ಯಾಕೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ಎರಡು ಉತ್ತರ ಇವೆ. ಒಂದು ಹಳೇ ಉತ್ತರ, ಇನ್ನೊಂದು ಹೊಸ ಉತ್ತರ. ತಮಾಷೆ ಅಂದರೆ ಇವೆರಡೂ ಒಂದಕ್ಕೊಂದು ಜಗಳ ಆಡುತ್ತವೆ. ಆ ಜಗಳ ಹೇಗೆ ಬಗೆಹರಿಯಿತು ಅನ್ನೋದೇ ಇವತ್ತಿನ ಮಾತು.

ಮೊದಲು ಹ್ಯಾಂಡ್‌ಶೇಕನ್ನೇ ನೋಡೋಣ. ಇದು ನನ್ನ ಲ್ಯಾಪ್‌ಟಾಪಿನಿಂದ ಮುಂಬೈನಲ್ಲಿರುವ ಒಂದು ಸರ್ವರಿಗೆ ಹೋದ ಕನೆಕ್ಷನ್. ಸರ್ವರಿನ ವಿಳಾಸ ಬದಲಿಸಿದ್ದೀನಿ, ಸಾಲುಗಳ ಬಾಲ ಸ್ವಲ್ಪ ಕತ್ತರಿಸಿದ್ದೀನಿ.

```
$ sudo tcpdump -n -S 'host 203.0.113.10'
07.118204 192.168.1.23.51834 > 203.0.113.10.443: [S], seq 2871460335
07.134951 203.0.113.10.443 > 192.168.1.23.51834: [S.], seq 914207768, ack 2871460336
07.135013 192.168.1.23.51834 > 203.0.113.10.443: [.], ack 914207769
```

ಇಲ್ಲಿ `-S` ಅನ್ನೋದು ಮುಖ್ಯ. ಅದನ್ನು ಹಾಕದಿದ್ದರೆ `tcpdump` ನಮಗೆ ಓದಲು ಸುಲಭವಾಗಲಿ ಅಂತ ಹ್ಯಾಂಡ್‌ಶೇಕ್ ಆದಮೇಲಿನ ನಂಬರುಗಳನ್ನು 1ರಿಂದ ಎಣಿಸಿ ತೋರಿಸುತ್ತೆ. ಅದನ್ನು ನೋಡಿ ಎಷ್ಟೋ ಜನ ಟಿಸಿಪಿ 1ರಿಂದಲೇ ಎಣಿಸುತ್ತೆ ಅಂದುಕೊಂಡಿರುತ್ತಾರೆ. ತಂತಿಯ ಮೇಲೆ ನಿಜವಾಗಿ ಹೋಗುವ ನಂಬರು ಬೇರೆ.

ಮೊದಲ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪ್, "ನಾನು ನಿನ್ನ ಜೊತೆ ಮಾತಾಡಬೇಕು, ನನ್ನ ಎಣಿಕೆ 2871460335ರಿಂದ ಶುರು" ಅಂತ ಹೇಳುತ್ತೆ. ಎರಡನೇ ಸಾಲಿನಲ್ಲಿ ಸರ್ವರ್ ಎರಡು ಮಾತು ಹೇಳುತ್ತೆ. ಒಂದು, "ನಿನ್ನ ನಂಬರು ತಲುಪಿತು, ಮುಂದೆ ...336ಕ್ಕೆ ಕಾಯ್ತಿದ್ದೀನಿ". ಇನ್ನೊಂದು, "ನನ್ನ ಎಣಿಕೆ 914207768ರಿಂದ ಶುರು". ಮೂರನೇ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪ್, "ನಿನ್ನ ನಂಬರೂ ತಲುಪಿತು, ...769ಕ್ಕೆ ಕಾಯ್ತಿದ್ದೀನಿ" ಅಂತ ಮುಗಿಸುತ್ತೆ. ಸಿನ್ ಅನ್ನೋ ಗುರುತಿಗೇ ಒಂದು ನಂಬರ್ ಖರ್ಚಾಗುತ್ತೆ, ಅದಕ್ಕೇ ಒಂದು ಹೆಚ್ಚು. ಟೈಮ್ ನೋಡಿ, ಮೊದಲ ಎರಡು ಸಾಲಿನ ನಡುವೆ ಸುಮಾರು 17 ಮಿಲಿಸೆಕೆಂಡ್. ಹೈದರಾಬಾದಿನಿಂದ ಮುಂಬೈಗೆ ಹೋಗಿ ಬರುವ ಸಮಯ ಅದು. ಮೂರನೆಯದು 62 ಮೈಕ್ರೋಸೆಕೆಂಡಿನಲ್ಲೇ ಹೊರಟಿದೆ, ಯಾಕೆಂದರೆ ಅದು ಹೊರಡೋದು ನನ್ನ ಲ್ಯಾಪ್‌ಟಾಪಿನಿಂದಲೇ.

ಮೂರೇ ಯಾಕೆ? ಇಬ್ಬರೂ ಬೇರೆ ಬೇರೆಯಾಗಿ ಎಣಿಸುತ್ತಾರೆ, ಹಾಗಾಗಿ ಇಬ್ಬರೂ ತಮ್ಮ ನಂಬರ್ ಹೇಳಬೇಕು, ಇಬ್ಬರಿಗೂ "ತಲುಪಿತು" ಅನ್ನೋ ಉತ್ತರ ಸಿಗಬೇಕು. ಲೆಕ್ಕಕ್ಕೆ ನಾಲ್ಕು ಮಾತು. ಮಧ್ಯದ ಎರಡನ್ನು ಸರ್ವರ್ ಒಂದೇ ಪ್ಯಾಕೆಟಿನಲ್ಲಿ ಸೇರಿಸಿ ಕಳಿಸುತ್ತೆ, ಅದಕ್ಕೆ ಮೂರು.

ಎರಡಕ್ಕೇ ನಿಲ್ಲಿಸಬಹುದಿತ್ತಲ್ಲ ಅಂತ ಕೇಳಬಹುದು. ನಿಲ್ಲಿಸಿದರೆ ಏನಾಗುತ್ತೆ ನೋಡಿ. ನಾನು ಕಳಿಸಿದ ಒಂದು ಸಿನ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ. ನಾನು ಕಾದು ಸಾಕಾಗಿ ಮತ್ತೊಂದು ಕಳಿಸಿದೆ, ಕೆಲಸ ಮುಗಿಸಿದೆ, ಹೊರಟೆ. ಆಮೇಲೆ ಆ ಹಳೇ ಸಿನ್ ಆರಾಮಾಗಿ ಸರ್ವರಿಗೆ ಹೋಗಿ ಬಿತ್ತು. ಎರಡೇ ಮಾತಿನ ಪದ್ಧತಿಯಾಗಿದ್ದರೆ ಸರ್ವರ್ ಉತ್ತರ ಕಳಿಸಿ, ಕನೆಕ್ಷನ್ ಆಯಿತು ಅಂತ ನಂಬಿ, ಮೆಮೊರಿ ಎತ್ತಿಟ್ಟು ಕೂರುತ್ತೆ. ಆ ಕಡೆ ಯಾರೂ ಇಲ್ಲ. ಮೂರನೇ ಮಾತು ಕಡ್ಡಾಯ ಆಗಿದ್ದರಿಂದ ಸರ್ವರ್ ಕಾಯುತ್ತೆ. ಅದರ ಉತ್ತರ ನನ್ನ ಲ್ಯಾಪ್‌ಟಾಪಿಗೆ ಬಂದಾಗ, "ನಾನು ಇದನ್ನು ಕೇಳಿಯೇ ಇಲ್ಲ" ಅಂತ ಅದು ರೀಸೆಟ್ ಕಳಿಸುತ್ತೆ, ಅಲ್ಲಿಗೆ ಮುಗಿಯಿತು.

ಅಂದರೆ ಮೂರನೇ ಪ್ಯಾಕೆಟ್ ಒಂದು ಸಾಕ್ಷಿ. ಸರ್ವರ್ ಒಂದು ನಂಬರನ್ನು ಒಂದು ವಿಳಾಸಕ್ಕೆ ಕಳಿಸಿತು, ಆ ವಿಳಾಸದಲ್ಲಿದ್ದವರು ಅದನ್ನು ಓದಿ ತಿರುಗಿ ಹೇಳಿದರು. ಇದು ನಮಗೆಲ್ಲ ಗೊತ್ತಿರುವ ಓಟಿಪಿ ಥರಾನೇ. ಬ್ಯಾಂಕ್ ನಿಮ್ಮ ಫೋನಿಗೆ ನಂಬರ್ ಕಳಿಸುತ್ತೆ, ನೀವು ಅದನ್ನು ಟೈಪ್ ಮಾಡ್ತೀರಿ, ಫೋನ್ ನಿಮ್ಮ ಕೈಯಲ್ಲೇ ಇದೆ ಅಂತ ಬ್ಯಾಂಕಿಗೆ ಖಾತ್ರಿ ಆಗುತ್ತೆ. ಈ ಓಟಿಪಿ ವಿಷಯ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಹಳೇ ಉತ್ತರ. 1981ರ ಆರ್‌ಎಫ್‌ಸಿ 793, ಟಿಸಿಪಿಯ ಮೂಲ ದಾಖಲೆ. ಅವರಿಗಿದ್ದ ಭಯ ಕಳ್ಳರದ್ದಲ್ಲ, ತಡವಾಗಿ ಬರುವ ಪ್ಯಾಕೆಟ್‌ಗಳದ್ದು. ಟಿಸಿಪಿಯಲ್ಲಿ ಒಂದು ಕನೆಕ್ಷನ್ನಿನ ಗುರುತು ಅಂದರೆ ನಾಲ್ಕು ವಿಷಯ: ಈ ಕಡೆಯ ವಿಳಾಸ, ಪೋರ್ಟ್, ಆ ಕಡೆಯ ವಿಳಾಸ, ಪೋರ್ಟ್. ಈ ನಾಲ್ಕೂ ಅವೇ ಆಗಿ ಕನೆಕ್ಷನ್ ಒಮ್ಮೆ ಕಡಿದು ಮತ್ತೆ ಶುರುವಾದರೆ, ನೆಟ್‌ವರ್ಕಿನ ಕಣ್ಣಿಗೆ ಹಳೇದೂ ಹೊಸದೂ ಒಂದೇ. ಎರಡೂ ಸೊನ್ನೆಯಿಂದ ಎಣಿಸಿದ್ದರೆ, ಹಳೇ ಕನೆಕ್ಷನ್ನಿನ 5000ನೇ ಬೈಟ್ ಹೊತ್ತ ಪ್ಯಾಕೆಟ್ ತಡವಾಗಿ ಬಂದಾಗ, ಹೊಸ ಕನೆಕ್ಷನ್ ಕೂಡ 5000ದ ಆಸುಪಾಸಿನಲ್ಲಿದ್ದರೆ, ಅದನ್ನು ತನ್ನದೇ ಅಂತ ತೆಗೆದುಕೊಂಡುಬಿಡುತ್ತೆ. ಚೆಕ್‌ಸಮ್ ಸರಿಯಾಗೇ ಇರುತ್ತೆ, ಯಾಕೆಂದರೆ ಪ್ಯಾಕೆಟ್ ಕೆಟ್ಟಿಲ್ಲ, ಹಳೇದು ಅಷ್ಟೇ. ಎರರ್ ಬರಲ್ಲ, ಡೇಟಾ ಮಾತ್ರ ತಪ್ಪಾಗುತ್ತೆ.

ಅದಕ್ಕೆ ಅವರು ಹೇಳಿದ ಉಪಾಯ ಗಡಿಯಾರ. ಸುಮಾರು 4 ಮೈಕ್ರೋಸೆಕೆಂಡಿಗೆ ಒಂದರಂತೆ ಏರುವ 32 ಬಿಟ್‌ನ ಒಂದು ಎಣಿಕೆ ಇರಲಿ, ಕನೆಕ್ಷನ್ ಶುರುವಾದ ಕ್ಷಣದಲ್ಲಿ ಅದು ಎಷ್ಟು ತೋರಿಸುತ್ತೋ ಅಲ್ಲಿಂದ ಶುರು ಮಾಡಿ ಅಂದರು. ಈ ಎಣಿಕೆ ಒಂದು ಸುತ್ತು ಬರಲು ನಾಲ್ಕೂಮುಕ್ಕಾಲು ಗಂಟೆ ಬೇಕು. ಒಂದು ಪ್ಯಾಕೆಟ್ ನೆಟ್‌ವರ್ಕಿನಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಬದುಕಿರಲ್ಲ ಅಂತ ಅವರ ಲೆಕ್ಕ. ಹಾಗಾಗಿ ಹೊಸ ಕನೆಕ್ಷನ್ ಶುರುವಾಗುವ ನಂಬರು ಹಳೆಯದಕ್ಕಿಂತ ಮುಂದೆಯೇ ಇರುತ್ತೆ, ಹಳೇ ಪ್ಯಾಕೆಟ್ ಬಂದರೆ "ಇದು ಹಿಂದಿನ ನಂಬರು" ಅಂತ ಗೊತ್ತಾಗುತ್ತೆ. ಇದೇ ಆ ಇಂಟರ್‌ವ್ಯೂನಲ್ಲಿ ನಾನು ಹೇಳಬೇಕಿದ್ದ ಉತ್ತರ. ಎಲ್ಲೂ ರ‍್ಯಾಂಡಮ್ ಅನ್ನೋ ಮಾತಿಲ್ಲ. ಬೇಕಾಗಿದ್ದು ಏರುತ್ತಾ ಹೋಗುವ ನಂಬರು.

ಏರುತ್ತಾ ಹೋಗುವ ನಂಬರಿನ ತೊಂದರೆ ಏನು? ಮುಂದಿನದು ಎಷ್ಟು ಅಂತ ಊಹಿಸಬಹುದು. 4.2ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಇದನ್ನು ಇನ್ನೂ ಸರಳ ಮಾಡಿದ್ದರು: ಇಡೀ ಯಂತ್ರಕ್ಕೆ ಒಂದೇ ಎಣಿಕೆ, ಸೆಕೆಂಡಿಗೆ 128 ಕೂಡಿಸು, ಪ್ರತಿ ಹೊಸ ಕನೆಕ್ಷನ್‌ಗೆ 64 ಕೂಡಿಸು. 1985ರ ಫೆಬ್ರವರಿಯಲ್ಲಿ ಬೆಲ್ ಲ್ಯಾಬ್ಸ್‌ನಿಂದ ರಾಬರ್ಟ್ ಟಿ. ಮಾರಿಸ್ ಬರೆದ ಒಂದು ಚಿಕ್ಕ ವರದಿ ಬಂತು. ಇದನ್ನು ಊಹಿಸಿ ಬೇರೆಯವರ ಹೆಸರಲ್ಲಿ ಕನೆಕ್ಷನ್ ಮಾಡಬಹುದು ಅಂತ ಅವರು ತೋರಿಸಿದ್ದರು. ಹತ್ತು ವರ್ಷ ಹೆಚ್ಚು ಜನ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಮೇಲೆ 1994ರ ಡಿಸೆಂಬರ್ 25. ಸ್ಯಾನ್ ಡಿಯಾಗೋ ಸೂಪರ್‌ಕಂಪ್ಯೂಟರ್ ಸೆಂಟರಿನ ಸುತೊಮು ಶಿಮೊಮುರಾ ಅವರ ಯಂತ್ರಗಳಿಗೆ ಯಾರೋ ನುಗ್ಗಿದರು. ಇದು ಇವತ್ತಿಗೂ ಕೆವಿನ್ ಮಿಟ್ನಿಕ್ ದಾಳಿ ಅಂತಲೇ ಹೆಸರಾಗಿದೆ. ಶಿಮೊಮುರಾ ಅವರ ಯಂತ್ರಗಳ ಪ್ಯಾಕೆಟ್‌ಗಳು ದಾಖಲಾಗಿದ್ದವು, ಒಂದು ತಿಂಗಳಾದ ಮೇಲೆ ಅವರು ಅದನ್ನು ಸಾರ್ವಜನಿಕವಾಗಿ ಹಂಚಿಕೊಂಡರು. ಹಾಗಾಗಿ ನಾವು ಅದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಎರಡು ಯಂತ್ರ ಇದ್ದವು. ಒಂದರ ಹೆಸರು `server`, ಇನ್ನೊಂದು `x-terminal`. `x-terminal` ಯಂತ್ರ `server` ಅನ್ನು ನಂಬುತ್ತಿತ್ತು. ಅಂದರೆ `server` ವಿಳಾಸದಿಂದ `rsh` ಮೂಲಕ ಕಮಾಂಡ್ ಬಂದರೆ ಪಾಸ್‌ವರ್ಡ್ ಕೇಳದೆ ನಡೆಸುತ್ತಿತ್ತು. ಆ ಕಾಲದಲ್ಲಿ ಇದು ಮಾಮೂಲಿ.

ವಿಳಾಸ ಸುಳ್ಳು ಬರೆಯೋದು ಕಷ್ಟ ಅಲ್ಲ. ನಾನು ಕಾಚಿಗುಡ ಪೋಸ್ಟ್ ಆಫೀಸಿನಲ್ಲಿ ಕಾಗದ ಹಾಕಿ, ಹಿಂದೆ "ಇಂದ" ಅನ್ನೋ ಜಾಗದಲ್ಲಿ ರಾಯಚೂರಿನ ವಿಳಾಸ ಬರೆಯಬಹುದು. ಆದರೆ ಉತ್ತರ ಹೋಗೋದು ರಾಯಚೂರಿಗೆ, ನನಗೆ ಸಿಗಲ್ಲ. ದಾಳಿಕೋರನಿಗೂ ಇದೇ ಕಷ್ಟ. `server` ಹೆಸರಲ್ಲಿ ಸಿನ್ ಕಳಿಸಿದರೆ `x-terminal` ತನ್ನ ನಂಬರನ್ನು ನಿಜವಾದ `server`ಗೆ ಕಳಿಸುತ್ತೆ. ಆ ನಂಬರ್ ನೋಡದೆ ಮೂರನೇ ಮಾತು ಹೇಳೋ ಹಾಗಿಲ್ಲ. ಓಟಿಪಿ ಬೇರೆಯವರ ಫೋನಿಗೆ ಹೋಗಿದೆ.

ಅವನು ಮೊದಲು `server`ನ ಬಾಯಿ ಮುಚ್ಚಿಸಿದ. ಇಲ್ಲದಿದ್ದರೆ, ಕೇಳದೇ ಬಂದ ಸಿನ್-ಆಕ್ ನೋಡಿ ಅದು ರೀಸೆಟ್ ಕಳಿಸಿ ಆಟ ಕೆಡಿಸುತ್ತಿತ್ತು. ಅದಕ್ಕೆ ಯಾರೂ ಬಳಸದ ಒಂದು ವಿಳಾಸದ ಹೆಸರಿನಲ್ಲಿ `server`ನ ಲಾಗಿನ್ ಪೋರ್ಟ್ 513ಕ್ಕೆ ಒಂದರ ಹಿಂದೊಂದು ಸಿನ್ ಸುರಿದ. ಎಂಟಕ್ಕೆ ಅದರ ಕ್ಯೂ ತುಂಬಿತು. ಆ ಪೋರ್ಟಿಗೆ ಬಂದ ಹೊಸ ಪ್ಯಾಕೆಟ್‌ಗೆ ಅದು ಉತ್ತರಿಸುವುದನ್ನೇ ಬಿಟ್ಟಿತು. ಆಮೇಲಿನ ಸುಳ್ಳು ಪ್ಯಾಕೆಟ್‌ಗಳನ್ನು ಅವನು ಇದೇ ಪೋರ್ಟಿನಿಂದ ಬಂದ ಹಾಗೆ ಬರೆದ.

ಮುಂದಿನದು ನಂಬರ್ ಊಹಿಸುವ ಕೆಲಸ. ತನ್ನ ಹಿಡಿತದಲ್ಲಿದ್ದ ಒಂದು ವಿಶ್ವವಿದ್ಯಾಲಯದ ಯಂತ್ರದಿಂದ `x-terminal`ಗೆ ನಿಜವಾದ ವಿಳಾಸದಲ್ಲೇ 20 ಸಲ ಸಿನ್ ಕಳಿಸಿದ. ಬಂದ ಉತ್ತರಗಳು ಹೀಗಿದ್ದವು:

```
seq 2021824000
seq 2021952000
...
seq 2024256000
```

ಕಳೆದು ನೋಡಿ. ಪ್ರತಿ ಸಲ ಸರಿಯಾಗಿ 1,28,000 ಹೆಚ್ಚು. ಮಧ್ಯೆ ಬೇರೆ ಯಾರೂ ಕನೆಕ್ಟ್ ಆಗದಿದ್ದರೆ ಮುಂದಿನದು 2024384000 ಆಗಲೇಬೇಕು. ಕ್ರಿಸ್‌ಮಸ್ ದಿನವೇ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತೆ. ರಜಾ ದಿನ, ಯಂತ್ರ ಖಾಲಿ, ಎಣಿಕೆ ಕೆಡಿಸೋರು ಯಾರೂ ಇಲ್ಲ.

ಈಗ `server` ಹೆಸರಲ್ಲಿ ಸುಳ್ಳು ಸಿನ್ ಕಳಿಸಿದ. `x-terminal` ಉತ್ತರ ಕಳಿಸಿತು, ಅದು ಬಾಯಿ ಕಟ್ಟಿದ `server`ಗೆ ಹೋಗಿ ಕಳೆದುಹೋಯಿತು. ಅರ್ಧ ಸೆಕೆಂಡ್ ಬಿಟ್ಟು, ಆ ಉತ್ತರವನ್ನು ಕಣ್ಣಲ್ಲಿ ನೋಡದೆಯೇ, ಮೂರನೇ ಪ್ಯಾಕೆಟ್ ಕಳಿಸಿದ:

```
14:18:36.755522 server.login > x-terminal.shell: . ack 2024384001
```

2024384000, ಅದಕ್ಕೊಂದು ಹೆಚ್ಚು. ಕನೆಕ್ಷನ್ ಆಯಿತು. ಅವನಿಗೆ ಒಂದು ಉತ್ತರವೂ ಕಾಣುತ್ತಿರಲಿಲ್ಲ, ಆದರೆ ಕಾಣೋ ಅಗತ್ಯವೂ ಇರಲಿಲ್ಲ. ಒಂದೇ ಒಂದು ಕಮಾಂಡ್ ಸಾಕಿತ್ತು: `.rhosts` ಅನ್ನೋ ಫೈಲಿಗೆ `+ +` ಅಂತ ಬರೆಯೋದು. ಅದರ ಅರ್ಥ, ಯಾವ ಯಂತ್ರದಿಂದ ಯಾರು ಬಂದರೂ ಒಳಗೆ ಬಿಡು. ಆಮೇಲೆ ಸುಳ್ಳು ಹೆಸರು ಯಾಕೆ ಬೇಕು, ನೇರವಾಗಿ ಬಾಗಿಲಿನಿಂದಲೇ ಬರಬಹುದು. ಈ ಸುಳ್ಳು ಕನೆಕ್ಷನ್ನಿನ ಕೆಲಸ ಎಲ್ಲಾ ಸೇರಿ 16 ಸೆಕೆಂಡೂ ಆಗಿರಲಿಲ್ಲ ಅಂತ ಶಿಮೊಮುರಾ ಬರೆದಿದ್ದಾರೆ.

ಹ್ಯಾಂಡ್‌ಶೇಕಿನ ಮೂರೂ ಹೆಜ್ಜೆ ಇಲ್ಲಿ ಸರಿಯಾಗೇ ನಡೆದಿವೆ, ಗಮನಿಸಿ. ಟಿಸಿಪಿ ನಿಯಮ ಎಲ್ಲೂ ಮುರಿದಿಲ್ಲ. ಆದರೆ ಮೂರನೇ ಹೆಜ್ಜೆಯ ಸಾಕ್ಷಿಗೆ ಬೆಲೆ ಇಲ್ಲವಾಗಿತ್ತು. ಓಟಿಪಿ ಸಾವಿರ, ಸಾವಿರದ ಹತ್ತು, ಸಾವಿರದ ಇಪ್ಪತ್ತು ಅಂತ ಬರುತ್ತಿದ್ದರೆ ಫೋನ್ ಯಾಕೆ ಬೇಕು?

ಸರಿ, ಹಾಗಾದರೆ ಪೂರ್ತಿ ರ‍್ಯಾಂಡಮ್ ಮಾಡಿಬಿಡೋಣ. 32 ಬಿಟ್ ಅಂದರೆ 429 ಕೋಟಿ ನಂಬರ್. ಹ್ಯಾಂಡ್‌ಶೇಕಿನ ಮೂರನೇ ಪ್ಯಾಕೆಟಿನಲ್ಲಿ ಅದರಲ್ಲಿ ಒಂದೇ ಒಂದು ಸರಿ. ಊಹಿಸೋಕೆ ಆಗಲ್ಲ. ಆದರೆ ಈಗ ಹಳೇ ಉತ್ತರ ಎದ್ದು ನಿಂತು ಜಗಳಕ್ಕೆ ಬರುತ್ತೆ: ಏರುವ ನಂಬರು ಎಲ್ಲಿ ಹೋಯಿತು?

ಒಂದು ಕನೆಕ್ಷನ್ ಮುಗಿದ ಮೇಲೆ ಮೊದಲು ಮುಚ್ಚಿದ ಕಡೆಯವರು ಟೈಮ್-ವೇಟ್ ಅನ್ನೋ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಅದರ ನೆನಪು ಇಟ್ಟುಕೊಂಡಿರುತ್ತಾರೆ. ಆ ಹೊತ್ತಿನಲ್ಲಿ ಅದೇ ವಿಳಾಸ, ಅದೇ ಪೋರ್ಟಿನಿಂದ ಹೊಸ ಸಿನ್ ಬಂದರೆ, ಅದರ ನಂಬರ್ ಹಿಂದಿನ ಕೊನೆಯ ನಂಬರಿಗಿಂತ ಮುಂದಿದ್ದರೆ "ಇದು ನಿಜಕ್ಕೂ ಹೊಸದು" ಅಂತ ಬಿಟ್ಟುಕೊಳ್ಳುತ್ತಾರೆ. ಹಿಂದಿದ್ದರೆ ಹಳೇ ಪ್ಯಾಕೆಟ್ ಇರಬಹುದು ಅಂತ ಬಿಟ್ಟುಕೊಳ್ಳಲ್ಲ. ಪೂರ್ತಿ ರ‍್ಯಾಂಡಮ್ ಆದರೆ ನಾಣ್ಯ ಚಿಮ್ಮಿದ ಹಾಗೆ, ಹೆಚ್ಚುಕಡಿಮೆ ಅರ್ಧದಷ್ಟು ಸಲ ಹಿಂದೆ ಬೀಳುತ್ತೆ. ಬಳಸುವವರಿಗೆ ಕಾಣೋದು, ಒಮ್ಮೊಮ್ಮೆ ಕನೆಕ್ಟ್ ಆಗುತ್ತೆ, ಒಮ್ಮೊಮ್ಮೆ ತಡ ಆಗುತ್ತೆ, ಕಾರಣ ಗೊತ್ತಾಗಲ್ಲ.

ಈ ಜಗಳವನ್ನು ಬಗೆಹರಿಸಿದ್ದು ಸ್ಟೀವನ್ ಬೆಲೊವಿನ್ 1996ರಲ್ಲಿ ಬರೆದ ಆರ್‌ಎಫ್‌ಸಿ 1948. 2012ರ ಆರ್‌ಎಫ್‌ಸಿ 6528 ಅದನ್ನೇ ಅಧಿಕೃತ ನಿಯಮದ ದಾರಿಗೆ ತಂದಿತು. ಸೂತ್ರ ಒಂದೇ ಸಾಲು:

```
ISN = M + F(localip, localport, remoteip, remoteport, secretkey)
```

`M` ಅಂದರೆ ಆ ಹಳೇ ಗಡಿಯಾರ. `F` ಅಂದರೆ ಆ ನಾಲ್ಕು ಗುರುತು ಮತ್ತು ಯಂತ್ರ ತನ್ನೊಳಗೆ ಇಟ್ಟುಕೊಂಡ ಒಂದು ಗುಟ್ಟಿನ ಕೀಲಿ, ಎಲ್ಲ ಸೇರಿಸಿ ಮಾಡಿದ ಹ್ಯಾಶ್. ಅದೇ ವಿಳಾಸ, ಅದೇ ಪೋರ್ಟುಗಳಾದರೆ `F` ಬದಲಾಗಲ್ಲ, ಗಡಿಯಾರ ಮಾತ್ರ ಏರುತ್ತೆ. ಹಾಗಾಗಿ ಹಳೇ ಭಯಕ್ಕೆ ಉತ್ತರ ಸಿಕ್ಕಿತು. ವಿಳಾಸವೋ ಪೋರ್ಟೋ ಒಂದು ಬದಲಾದರೂ `F` ಎಲ್ಲಿಗೋ ಹಾರುತ್ತೆ. 1994ರ ದಾಳಿಕೋರ ಇವತ್ತು 20 ಅಲ್ಲ, 20 ಸಾವಿರ ಸಲ ತನ್ನ ಯಂತ್ರದಿಂದ ಕೇಳಿದರೂ ಸಿಗೋದು ತನ್ನ ವಿಳಾಸದ `F`. `server` ವಿಳಾಸದ `F` ಬೇಕೆಂದರೆ ಕೀಲಿ ಬೇಕು.

ಅಂದರೆ "ರ‍್ಯಾಂಡಮ್ ಆಗಿ ಆರಿಸುತ್ತಾರೆ" ಅಂತ ನಾವು ಹೇಳೋದು ಅರ್ಧ ಸತ್ಯ. ಹೊರಗಿನವರಿಗೆ ರ‍್ಯಾಂಡಮ್, ಆ ಇಬ್ಬರ ನಡುವೆ ಮಾತ್ರ ಏರುವ ಗಡಿಯಾರ.

ಇದನ್ನು ನಂಬಬೇಡಿ, ನೋಡಿ. ಲಿನಕ್ಸ್ ಇದ್ದರೆ ಎರಡು ಟರ್ಮಿನಲ್ ತೆಗೆಯಿರಿ. 9999ರಲ್ಲಿ ಯಾವ ಪ್ರೋಗ್ರಾಮೂ ಓಡುತ್ತಿರಬಾರದು. ಕನೆಕ್ಷನ್ ಆಗದೆ ರೀಸೆಟ್ ಬರುತ್ತೆ, ಟೈಮ್-ವೇಟ್ ಕಾಟ ಇರಲ್ಲ, ನಮಗೆ ಬೇಕಾದ ಸಿನ್ ಮಾತ್ರ ಕಾಣುತ್ತೆ.

```
sudo tcpdump -n -S -i lo 'tcp port 9999'

nc -z -p 50000 127.0.0.1 9999; sleep 4; nc -z -p 50000 127.0.0.1 9999
```

ಲಿನಕ್ಸಿನ ಗಡಿಯಾರ 64 ನ್ಯಾನೋಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತೆ, ಸೆಕೆಂಡಿಗೆ 1,56,25,000. ನಾಲ್ಕು ಸೆಕೆಂಡಿಗೆ 6 ಕೋಟಿ 25 ಲಕ್ಷ. ನನಗೆ ಎರಡು ಸಿನ್‌ಗಳ ನಡುವೆ ಬಂದ ವ್ಯತ್ಯಾಸ 6 ಕೋಟಿ 26 ಲಕ್ಷದ ಹತ್ತಿರ, ಕಮಾಂಡ್ ಶುರುವಾಗಲು ಹಿಡಿದ ಕೆಲವು ಮಿಲಿಸೆಕೆಂಡ್ ಸೇರಿ. ನಂತರ 50000 ಬದಲು 50001 ಹಾಕಿ ನೋಡಿ. ಹಿಂದಿನದಕ್ಕೂ ಇದಕ್ಕೂ ಯಾವ ನಂಟೂ ಕಾಣಲ್ಲ. ಎರಡನೇ ನಂಬರ್ ಮೊದಲನೆಯದಕ್ಕಿಂತ ಚಿಕ್ಕದಾಗಿ ಕಂಡರೆ ಗಾಬರಿ ಬೇಡ, ಎಣಿಕೆ ಒಂದು ಸುತ್ತು ಮುಗಿಸಿ ಸೊನ್ನೆ ದಾಟಿದೆ ಅಷ್ಟೇ. ಲಿನಕ್ಸಿನಲ್ಲಿ ಸುತ್ತು ಬರೋಕೆ ಸುಮಾರು 274 ಸೆಕೆಂಡ್ ಸಾಕು.

ಕೊನೆಗೆ, ಇದು ಎಲ್ಲಿಯವರೆಗೆ ಕಾಯುತ್ತೆ ಅನ್ನೋದು. ದೂರದಲ್ಲಿ ಕೂತು ನಿಮ್ಮ ಪ್ಯಾಕೆಟ್ ಕಾಣದವನಿಂದ ಮಾತ್ರ ಇದು ಕಾಯುತ್ತೆ. ಅದೇ ವೈಫೈನಲ್ಲಿ ಅಥವಾ ದಾರಿಯ ಮಧ್ಯದ ರೂಟರಿನಲ್ಲಿ ಕೂತು ಪ್ಯಾಕೆಟ್ ಓದಬಲ್ಲವನಿಗೆ ಊಹೆಯೇ ಬೇಡ, ನಂಬರ್ ಹೆಡರಿನಲ್ಲಿ ಬಿಚ್ಚಿಟ್ಟಿರುತ್ತೆ. ಓಟಿಪಿ ಬಂದಾಗ ಭುಜದ ಮೇಲಿಂದ ಇಣುಕಿ ನೋಡಿದ ಹಾಗೆ. ಅದಕ್ಕೆ ಟಿಎಲ್‌ಎಸ್, ಎಸ್‌ಎಸ್‌ಎಚ್ ಬೇಕು.

ನಾವೀಗ `rsh` ಬಳಸಲ್ಲ ನಿಜ. ಆದರೆ ನಿಮ್ಮ ಡೇಟಾಬೇಸಿನ `pg_hba.conf` ತೆಗೆದು ನೋಡಿ. ಒಳಗಿನ ನೆಟ್‌ವರ್ಕಿನ ವಿಳಾಸಗಳ ಪಕ್ಕ `trust` ಅಂತ ಇದ್ದರೆ, ಅದು 1994ರ `x-terminal` ಮಾಡಿದ ನಂಬಿಕೆಯೇ: ವಿಳಾಸ ನೋಡು, ಪಾಸ್‌ವರ್ಡ್ ಕೇಳಬೇಡ. ಆ ಸಾಲು ಹೊರಗಿನ ಸುಳ್ಳು ವಿಳಾಸದ ಎದುರು ನಿಂತಿರೋದರಲ್ಲಿ ಫೈರ್‌ವಾಲ್‌ನ ಪಾಲು ಎಷ್ಟಿದೆಯೋ, ಊಹಿಸಲಾಗದ ಆ ಒಂದು ನಂಬರಿನ ಪಾಲೂ ಇದೆ. ನಾನು ನಮ್ಮ ಟೀಮಿನ ಒಂದು ಟೆಸ್ಟ್ ಸರ್ವರಿನಲ್ಲಿ ಇಂಥ ಸಾಲು ನೋಡಿದ ದಿನವೇ ಅದನ್ನು `scram-sha-256`ಗೆ ಬದಲಿಸಿದೆ. ಹತ್ತು ನಿಮಿಷದ ಕೆಲಸ.

ಇಷ್ಟು ಇವತ್ತಿಗೆ. ಆ ನಾಲ್ಕು ಸೆಕೆಂಡಿನ ಪ್ರಯೋಗ ಮಾಡಿ ನೋಡಿ, ವ್ಯತ್ಯಾಸ ಕಳೆದು ನೋಡಿ.